ಫಾರಿನ್ ಡಾಕ್ಟರ್ ಕಳಿಸಿದ ಉಡುಗೊರೆ ಕಸ್ಟಮ್ಸ್‌ನಲ್ಲಿ ನಿಂತಿದೆ ಎಂದು ಫೋನ್ ಬಂದರೆ ಏನು ಮಾಡಬೇಕು?

ಕಾರವಾರ, ಅಂಕೋಲಾ, ಹೊನ್ನಾವರ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ: ಎಲ್ಲಿಂದ ಬಂದರೂ ಓದುಗರ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಫೇಸ್‌ಬುಕ್‌ನಲ್ಲಿ ಪರಿಚಯವಾದ ಲಂಡನ್ನಿನ ಡಾಕ್ಟರ್ ಒಬ್ಬರು ಉಡುಗೊರೆ ಕಳಿಸಿದ್ದಾರೆ. ಅದು ದಿಲ್ಲಿ ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲಿ ಇದೆ, ಬಿಡಿಸಲು ಇಷ್ಟು ದುಡ್ಡು ಹಾಕಿ ಎಂದು ಫೋನ್ ಬಂದಿದೆ. ಹಾಕಬೇಕೇ?

ಹಾಕಬೇಡಿ. ಅಲ್ಲಿ ಪಾರ್ಸೆಲ್ ಇಲ್ಲ. ಡಾಕ್ಟರ್ ಎಂದು ಮಾತಾಡಿದವರು, ಕಸ್ಟಮ್ಸ್ ಎಂದು ಫೋನ್ ಮಾಡಿದವರು ಇಬ್ಬರೂ ಒಂದೇ ಗುಂಪಿನವರು. ಈಗಾಗಲೇ ಹಾಕಿಬಿಟ್ಟಿದ್ದರೆ ಈ ಲೇಖನ ಪೂರ್ತಿ ಓದುತ್ತ ಕೂರಬೇಡಿ, ನೇರ 4ನೇ ಹಂತಕ್ಕೆ ಹೋಗಿ. ಅಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ.

ಈ ಆಟ ಹೇಗೆ ಸಾಗುತ್ತದೆ ಎಂದು ತೋರಿಸಲು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ವ್ಯಕ್ತಿಯೂ ಮೊತ್ತಗಳೂ ಕಲ್ಪಿತ, ನಡೆಯುವ ಕ್ರಮ ಮಾತ್ರ ನಿಜವಾದದ್ದು. ಕುಮಟಾ ಕಡೆಯ ನಿವೃತ್ತ ಅಕ್ಕೋರು ಒಬ್ಬರು ಎಂದುಕೊಳ್ಳಿ. ಗಂಡ ತೀರಿಕೊಂಡಿದ್ದಾರೆ, ಮಗ ಬೆಂಗಳೂರಿನಲ್ಲಿ. ಬ್ರಿಟನ್ನಿನ ಮೂಳೆ ಡಾಕ್ಟರ್ ಎಂಬ ಪ್ರೊಫೈಲಿನಿಂದ ಫ್ರೆಂಡ್ ರಿಕ್ವೆಸ್ಟ್ ಬರುತ್ತದೆ. ನಾಲ್ಕು ದಿನದಲ್ಲಿ ಮಾತು ವಾಟ್ಸ್ಆ್ಯಪ್‌ಗೆ ಬರುತ್ತದೆ. ಬೆಳಿಗ್ಗೆ ಗುಡ್ ಮಾರ್ನಿಂಗ್, ಮಧ್ಯಾಹ್ನ ಊಟ ಆಯಿತೇ, ರಾತ್ರಿ ಆಪರೇಷನ್ ಮುಗಿಸಿ ಬಂದೆ ಎಂಬ ಸುದ್ದಿ. ಆತನೂ ಹೆಂಡತಿಯನ್ನು ಕಳೆದುಕೊಂಡವನು. ಸುಮಾರು ಒಂದೂವರೆ ತಿಂಗಳು ದುಡ್ಡಿನ ಮಾತೇ ಇಲ್ಲ. ಆಮೇಲೆ ಒಂದು ದಿನ ಪೆಟ್ಟಿಗೆಯ ಫೋಟೊ ಬರುತ್ತದೆ: ಐಫೋನ್, ಚಿನ್ನದ ಸರ, ಕೈಗಡಿಯಾರ, ಕೆಳಗೆ ಒಂದು ಲಕೋಟೆ. ನಿಮ್ಮ ವಿಳಾಸಕ್ಕೆ ಕಳಿಸಿದ್ದೇನೆ ಎನ್ನುತ್ತಾನೆ.

ಎರಡು ದಿನ ಬಿಟ್ಟು ಹಿಂದಿ ಬೆರೆಸಿ ಇಂಗ್ಲಿಷ್ ಮಾತಾಡುವ ಹೆಂಗಸಿನ ಫೋನ್. ಪಾರ್ಸೆಲ್ ಬಂದಿದೆ, ಕ್ಲಿಯರೆನ್ಸ್ ಚಾರ್ಜ್ 38,500 ರೂಪಾಯಿ. ಅಕ್ಕೋರು ಯುಪಿಐ ಮೂಲಕ ಕಳಿಸುತ್ತಾರೆ. ಮರುದಿನ ಮತ್ತೆ ಫೋನ್: ಸ್ಕ್ಯಾನ್ ಮಾಡಿದಾಗ ಲಕೋಟೆಯಲ್ಲಿ ಪೌಂಡ್ ನೋಟು ಸಿಕ್ಕಿದೆ, ಅಕ್ರಮ ಹಣವಲ್ಲ ಎಂಬ ಸರ್ಟಿಫಿಕೇಟಿಗೆ 1,25,000. ಅದನ್ನು ಎನ್‌ಇಎಫ್‌ಟಿ ಮಾಡುತ್ತಾರೆ. ಮೂರನೆಯದು ಪೌಂಡನ್ನು ರೂಪಾಯಿಗೆ ಬದಲಿಸುವ ತೆರಿಗೆ ಎಂದು 2,90,000. ಬಂಗಾರ ಅಡ ಇಟ್ಟು ಆರ್‌ಟಿಜಿಎಸ್ ಮಾಡುತ್ತಾರೆ. ಅಲ್ಲಿಗೆ 4,53,500 ರೂಪಾಯಿ ಹೋಯಿತು. ನಾಲ್ಕನೇ ಫೋನಿನಲ್ಲಿ ವಿನಂತಿ ಇರುವುದಿಲ್ಲ, ಬೆದರಿಕೆ ಇರುತ್ತದೆ: ಕಟ್ಟದಿದ್ದರೆ ಕಳ್ಳಸಾಗಣೆ ಕೇಸು, ಮನೆಗೆ ಪೊಲೀಸರು ಬರುತ್ತಾರೆ.

ಮೊದಲ ಮೊತ್ತ ಯಾಕೆ ಚಿಕ್ಕದು ಎಂಬುದನ್ನು ಗಮನಿಸಿ. ಲಕ್ಷಾಂತರ ಬೆಲೆಯ ಉಡುಗೊರೆಯ ಮುಂದೆ 38,500 ದೊಡ್ಡದೆನಿಸುವುದಿಲ್ಲ. ಅದನ್ನು ಕೊಟ್ಟ ಮೇಲೆ ಎರಡನೆಯದನ್ನು ಕೊಡದಿದ್ದರೆ ಮೊದಲನೆಯದೂ ಹೋಯಿತಲ್ಲ ಎನಿಸುತ್ತದೆ. ಲಕೋಟೆಯ ಪೌಂಡನ್ನು ಕಥೆಯೊಳಗೆ ತರುವುದೂ ಇದಕ್ಕೇ. ಕಟ್ಟಿದ್ದೆಲ್ಲ ಅದರಿಂದ ವಾಪಸ್ ಬರುತ್ತದೆ ಎಂಬ ಆಸೆಯನ್ನೂ, ವಿದೇಶಿ ನೋಟು ತರಿಸಿಕೊಂಡ ತಪ್ಪಿಗೆ ಸಿಕ್ಕಿಬಿದ್ದೆ ಎಂಬ ಭಯವನ್ನೂ ಅದೊಂದೇ ಲಕೋಟೆ ಹುಟ್ಟಿಸುತ್ತದೆ.

ಹಂತ 1: ಫೋನ್ ಇಡಿ, ಆದರೆ ಏನನ್ನೂ ಅಳಿಸಬೇಡಿ

ಕಸ್ಟಮ್ಸ್ ಎಂದವರಿಗೆ "ಮನೆಯವರನ್ನು ಕೇಳಿ ಹೇಳುತ್ತೇನೆ" ಎಂದಷ್ಟೇ ಹೇಳಿ ಫೋನ್ ಇಡಿ. ನಿಮ್ಮದು ಮೋಸ ಎಂದು ಗೊತ್ತಾಗಿದೆ ಎಂದು ಜಗಳ ತೆಗೆಯಬೇಡಿ. ಹಾಗೆ ಹೇಳಿದರೆ ಆ ಪ್ರೊಫೈಲ್ ಕೆಲವೇ ನಿಮಿಷದಲ್ಲಿ ಮಾಯವಾಗಬಹುದು, ಸಾಕ್ಷ್ಯವೂ ಜೊತೆಗೇ ಹೋಗುತ್ತದೆ. ನಾಚಿಕೆಯಿಂದಲೋ ಸಿಟ್ಟಿನಿಂದಲೋ ಚಾಟ್ ಅಳಿಸುವವರು ಬಹಳ ಜನ. ದಯವಿಟ್ಟು ಅಳಿಸಬೇಡಿ. ದೂರು ನಿಲ್ಲುವುದೇ ಅದರ ಮೇಲೆ.

ಹಂತ 2: ನಿಜವಾದ ಪಾರ್ಸೆಲ್ ಹೇಗೆ ಬರುತ್ತದೆ ಎಂದು ತಿಳಿದುಕೊಳ್ಳಿ

ಸುಂಕ, ಅಂದರೆ ಕಸ್ಟಮ್ಸ್ ಡ್ಯೂಟಿ, ನಿಜವಾಗಿಯೂ ಇರುವಂಥದ್ದೇ. ಜನ ನಂಬುವುದು ಅದಕ್ಕೇ. 2019ರ ಡಿಸೆಂಬರ್‌ನಿಂದ ವಿದೇಶದಿಂದ ಅಂಚೆ ಅಥವಾ ಕೊರಿಯರ್ ಮೂಲಕ ಬರುವ ಉಡುಗೊರೆಗಳಿಗೆ ಇದ್ದ ಸುಂಕ ವಿನಾಯಿತಿ ಹೋಗಿದೆ. ರಾಖಿ ಮತ್ತು ಜೀವರಕ್ಷಕ ಔಷಧಿ ಬಿಟ್ಟರೆ ಉಳಿದದ್ದಕ್ಕೆಲ್ಲ ಪೂರ್ತಿ ಸುಂಕ ಕಟ್ಟಬೇಕು. ಆದರೆ ಅದನ್ನು ಕಟ್ಟುವ ದಾರಿಯೇ ಬೇರೆ.

ಪಾರ್ಸೆಲ್ ಅಂಚೆಯಲ್ಲಿ ಬಂದರೆ ಸುಂಕದ ಲೆಕ್ಕ ಭಾರತದಲ್ಲೇ ಇರುವ ವಿದೇಶಿ ಅಂಚೆ ಕಚೇರಿಯಲ್ಲಿ ಆಗುತ್ತದೆ. ಪೆಟ್ಟಿಗೆ ನಿಮ್ಮೂರ ಅಂಚೆ ಕಚೇರಿಗೆ ಬಂದ ಮೇಲೆ, ಅದನ್ನು ಪಡೆಯುವಾಗ ಅಲ್ಲೇ ದುಡ್ಡು ಕೊಟ್ಟು ರಸೀದಿ ತೆಗೆದುಕೊಳ್ಳುತ್ತೀರಿ. ಕೊರಿಯರ್‌ನಲ್ಲಿ ಬಂದರೆ ಕಸ್ಟಮ್ಸ್ ಜೊತೆ ವ್ಯವಹರಿಸುವುದು ಕೊರಿಯರ್ ಕಂಪನಿ. ಅದು ನಿಮ್ಮ ಗುರುತಿನ ದಾಖಲೆ ಕೇಳಬಹುದು, ಸುಂಕವನ್ನು ಕಂಪನಿಯ ಹೆಸರಿನಲ್ಲೇ ವಸೂಲಿ ಮಾಡಬಹುದು. ಎರಡರಲ್ಲಿ ಯಾವ ದಾರಿಯಲ್ಲೂ ಕಸ್ಟಮ್ಸ್ ಅಧಿಕಾರಿ ನಿಮ್ಮ ಮೊಬೈಲಿಗೆ ಫೋನ್ ಮಾಡಿ ಯಾರದೋ ಉಳಿತಾಯ ಖಾತೆಗೆ ದುಡ್ಡು ಹಾಕಿ ಎನ್ನುವುದಿಲ್ಲ. ಇನ್ನು, ಕೇಳದೆ ಬಂದ ಪಾರ್ಸೆಲ್ ಬೇಡವೆಂದು ಬಿಟ್ಟುಬಿಡಬಹುದು. ಬೇಡ ಎಂದ ಕಾರಣಕ್ಕೆ ಜೈಲಿಗೆ ಹಾಕುವ ಕಾನೂನು ಇಲ್ಲ.

ಹಂತ 3: ನಾಲ್ಕು ಪರೀಕ್ಷೆ

ಇವುಗಳಲ್ಲಿ ಮೊದಲನೆಯದಕ್ಕೇ ಹೆಚ್ಚು ತೂಕ. ಮಿಕ್ಕವು ಅದರ ಜೊತೆಗೆ.

*ಖಾತೆದಾರರ ಹೆಸರು.* ಅವರು ಕೊಟ್ಟ ಯುಪಿಐ ಐಡಿ ಹಾಕಿದಾಗ ದುಡ್ಡು ಕಳಿಸುವ ಮೊದಲೇ ಪರದೆಯ ಮೇಲೆ ಹೆಸರು ಬರುತ್ತದೆ. ಖಾತೆ ಸಂಖ್ಯೆ ಕೊಟ್ಟಿದ್ದರೂ ಹೆಸರು ನೋಡಬಹುದು: ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2025ರ ಏಪ್ರಿಲ್‌ನಿಂದ ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಮಾಡುವಾಗಲೂ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಕೋಡ್ ಹಾಕಿ ಹೆಸರು ತಾಳೆ ನೋಡುವ ವ್ಯವಸ್ಥೆ ಬ್ಯಾಂಕುಗಳಲ್ಲಿದೆ. ನಿಮಗೆ ಬಾರದಿದ್ದರೆ ಶಾಖೆಯ ಕೌಂಟರಿನಲ್ಲಿ ಕೇಳಿ. ಅಲ್ಲಿ ಕಾಣಿಸುವುದು ಯಾವುದೋ ರಾಜ್ಯದ ಯಾರೋ ಒಬ್ಬರ ಹೆಸರು, ಅಥವಾ ಒಂದು ಅಂಗಡಿಯ ಹೆಸರು. ಪ್ರತಿ ಸಲ ಬೇರೆ ಖಾತೆ. ಇವನ್ನು ಬಾಡಿಗೆ ಖಾತೆ ಎನ್ನಬಹುದು: ಕಮಿಷನ್ ಆಸೆಗೆ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಬೇರೆಯವರ ಕೈಗೆ ಕೊಟ್ಟವರ ಖಾತೆಗಳು. ಕೇಂದ್ರ ಸರ್ಕಾರದ ಸುಂಕ ಅಂಥ ಖಾತೆಗೆ ಎಂದೂ ಹೋಗುವುದಿಲ್ಲ. "ಇದು ನಮ್ಮ ಏಜೆಂಟರ ಖಾತೆ, ಬೇಗ ಕ್ಲಿಯರ್ ಆಗುತ್ತದೆ" ಎಂಬ ಉತ್ತರವನ್ನು ಅವರು ಮೊದಲೇ ಸಿದ್ಧ ಇಟ್ಟುಕೊಂಡಿರುತ್ತಾರೆ.

*ಪತ್ರ.* ವಾಟ್ಸ್ಆ್ಯಪ್‌ನಲ್ಲಿ ಅಶೋಕ ಸ್ತಂಭ, ಮೊಹರು, ಸಹಿ ಇರುವ ಪತ್ರ ಬರುತ್ತದೆ. ಮೊಹರನ್ನು ನೋಡಿ ಏನೂ ತಿಳಿಯುವುದಿಲ್ಲ. ಕಸ್ಟಮ್ಸ್ ಇಲಾಖೆಯ ಅಧಿಕೃತ ಪತ್ರಕ್ಕೆ ಡಿನ್ ಎಂಬ ದಾಖಲೆ ಗುರುತಿನ ಸಂಖ್ಯೆ ಇರುತ್ತದೆ. cbic.gov.in ತಾಣದಲ್ಲಿ ಅದನ್ನು ಹಾಕಿ ಪತ್ರ ಅಸಲಿಯೇ ಎಂದು ನೋಡಬಹುದು. ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ, ಅವರು ಕಳಿಸಿದ ಲಿಂಕ್ ಒತ್ತಬೇಡಿ. ಪತ್ರ ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿದ್ದರೆ ಪರೀಕ್ಷೆಯೇ ಬೇಡ. ರಿಸರ್ವ್ ಬ್ಯಾಂಕ್ ಜನಸಾಮಾನ್ಯರ ಖಾತೆ ಇಟ್ಟುಕೊಳ್ಳುವುದಿಲ್ಲ, ಪಾರ್ಸೆಲ್ ದುಡ್ಡು ಬಿಡಿಸಲು ಶುಲ್ಕ ಕೇಳುವುದೂ ಇಲ್ಲ.

*ಟ್ರ್ಯಾಕಿಂಗ್ ಸಂಖ್ಯೆ.* ಅಂತರರಾಷ್ಟ್ರೀಯ ಅಂಚೆ ಪಾರ್ಸೆಲ್ಲಿನ ಸಂಖ್ಯೆ 13 ಅಕ್ಷರ-ಅಂಕಿಗಳದು: ಮೊದಲು ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ದೇಶದ ಎರಡು ಅಕ್ಷರ. ಬ್ರಿಟನ್ನಿನದಾದರೆ ಕೊನೆಯಲ್ಲಿ GB ಇರುತ್ತದೆ. ಅದನ್ನು ಭಾರತೀಯ ಅಂಚೆಯ ತಾಣದಲ್ಲಿ, ಕೊರಿಯರ್ ಆದರೆ ಆ ಕಂಪನಿಯ ತಾಣದಲ್ಲಿ ಹಾಕಿ. ಮೋಸಗಾರರು ತಮ್ಮದೇ ಟ್ರ್ಯಾಕಿಂಗ್ ತಾಣ ಮಾಡಿಟ್ಟಿರುತ್ತಾರೆ. ಅಲ್ಲಿ ನಿಮ್ಮ ಹೆಸರು, ವಿಳಾಸ, ಪೆಟ್ಟಿಗೆಯ ತೂಕ ಎಲ್ಲ ಕಾಣುತ್ತದೆ, ಬೇರೆಲ್ಲೂ ಕಾಣುವುದಿಲ್ಲ.

*ಡಾಕ್ಟರ್.* ಪ್ರೊಫೈಲ್ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿ ಹುಡುಕಿ. ಎಷ್ಟೋ ಸಲ ಅದೇ ಮುಖ ಬೇರೆ ಹೆಸರಿನಲ್ಲಿ ಸಿಗುತ್ತದೆ. ಬ್ರಿಟನ್ನಿನಲ್ಲಿ ವೈದ್ಯರ ಪಟ್ಟಿ ಸಾರ್ವಜನಿಕ: gmc-uk.org ತಾಣದಲ್ಲಿ ಹೆಸರು ಹಾಕಿ ನೋಡಬಹುದು. ಪ್ರತಿ ವೈದ್ಯರಿಗೂ ಏಳು ಅಂಕಿಯ ಸಂಖ್ಯೆ ಇರುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ ಮೋಸ ಎಂದು ತಿಳಿಯಿತು, ಇದ್ದರೆ ಏನೂ ಸಾಬೀತಾಗಲಿಲ್ಲ. ನಿಜವಾದ ವೈದ್ಯರ ಹೆಸರು, ಫೋಟೊಗಳನ್ನೇ ಕದ್ದು ಬಳಸುವವರೂ ಇದ್ದಾರೆ. ಹಾಗೆಯೇ +44ರಿಂದ ಶುರುವಾಗುವ ನಂಬರನ್ನು ಯಾವ ದೇಶದಲ್ಲಿ ಕೂತವರೂ ಇಂಟರ್‌ನೆಟ್ ಮೂಲಕ ಪಡೆಯಬಹುದು. ಟ್ರೂಕಾಲರ್‌ನಲ್ಲಿ ಕಸ್ಟಮ್ಸ್ ಎಂದು ತೋರಿಸಿದರೂ ಲೆಕ್ಕಕ್ಕಿಲ್ಲ, ಆ ಹೆಸರನ್ನು ಯಾರು ಬೇಕಾದರೂ ಬರೆಸಬಹುದು. ವಿಡಿಯೊ ಕಾಲ್‌ನಲ್ಲಿ ಮುಖ ಕಂಡಿತು ಎಂಬುದೂ ಈಗ ಸಾಕ್ಷಿಯಾಗಿ ಉಳಿದಿಲ್ಲ.

ಹಂತ 4: ದುಡ್ಡು ಹೋಗಿದ್ದರೆ ಮೊದಲು 1930

ಬೇರೆ ಯಾರಿಗೆ ಹೇಳುವುದಕ್ಕೂ ಮೊದಲು 1930ಕ್ಕೆ ಫೋನ್ ಮಾಡಿ. ಇದು ಸೈಬರ್ ಹಣ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಅವಸರ ಯಾಕೆಂದರೆ, ನೀವು ಹಾಕಿದ ದುಡ್ಡು ಮೊದಲ ಬಾಡಿಗೆ ಖಾತೆಯಲ್ಲಿ ಹೆಚ್ಚು ಹೊತ್ತು ಇರುವುದಿಲ್ಲ. ಅಲ್ಲಿಂದ ಮೂರು ನಾಲ್ಕು ಖಾತೆಗಳಿಗೆ ಹಂಚಿ, ಆಮೇಲೆ ಎಟಿಎಂನಲ್ಲಿ ನಗದಾಗಿ ತೆಗೆಯುತ್ತಾರೆ. ಖಾತೆಯಿಂದ ಖಾತೆಗೆ ಹೋಗುತ್ತಿರುವವರೆಗೆ ಬ್ಯಾಂಕುಗಳು ಅದನ್ನು ಹಿಂಬಾಲಿಸಿ ತಡೆಹಿಡಿಯಬಹುದು. ನಗದಾಗಿ ಕೈಗೆ ಹೋದ ಮೇಲೆ ತಡೆಯಲು ಏನೂ ಉಳಿಯುವುದಿಲ್ಲ.

ಫೋನ್ ಮಾಡುವಾಗ ಇಷ್ಟು ಕೈಯಲ್ಲಿರಲಿ: ನಿಮ್ಮ ಬ್ಯಾಂಕು ಮತ್ತು ಖಾತೆ ಸಂಖ್ಯೆ, ದುಡ್ಡು ಹೋದ ದಿನಾಂಕ, ಗಂಟೆ, ಮೊತ್ತ, ಯಾವ ಖಾತೆಗೆ ಅಥವಾ ಯುಪಿಐ ಐಡಿಗೆ ಹೋಯಿತು, ಮತ್ತು ಯುಟಿಆರ್. ಯುಟಿಆರ್ ಅಂದರೆ ಪ್ರತಿ ವರ್ಗಾವಣೆಗೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ. ಯುಪಿಐನಲ್ಲಿ ಅದು 12 ಅಂಕಿ, ಆ್ಯಪ್‌ನ ಹಿಸ್ಟರಿಯಲ್ಲಿ ಸಿಗುತ್ತದೆ. ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ನಲ್ಲಿ ಇನ್ನೂ ಉದ್ದ, ಅಕ್ಷರಗಳೂ ಇರುತ್ತವೆ. ಕೌಂಟರಿನಲ್ಲಿ ಚಲನ್ ತುಂಬಿ ಕಳಿಸಿದ್ದರೆ ಶಾಖೆಯವರು ಹೇಳುತ್ತಾರೆ.

ಹೆಚ್ಚು ತಪ್ಪಾಗುವುದು ಇಲ್ಲೇ. ಮೂರು ಸಲ ದುಡ್ಡು ಹಾಕಿದ್ದರೆ ಮೂರರ ಯುಟಿಆರ್‌ಗಳನ್ನೂ ಬೇರೆ ಬೇರೆಯಾಗಿ ಕೊಡಬೇಕು, ಒಟ್ಟು ಮೊತ್ತ ಹೇಳಿದರೆ ಹುಡುಕಲಾಗದು. ಮತ್ತು ಕೊನೆಯ ವರ್ಗಾವಣೆಯನ್ನು ಮೊದಲು ಹೇಳಿ. ನಮ್ಮ ಉದಾಹರಣೆಯಲ್ಲಿ 38,500 ಹೋಗಿ ವಾರವಾಗಿದೆ, ಅದು ಸಿಗುವ ಸಂಭವ ಕಡಿಮೆ. 2,90,000 ಹೋಗಿದ್ದು ಇವತ್ತು 11.40ಕ್ಕೆ. ಅಕ್ಕೋರು 12.15ಕ್ಕೆ ಫೋನ್ ಮಾಡಿ ಅದನ್ನೇ ಮೊದಲು ಕೊಟ್ಟರೆ, ಎರಡನೇ ಸಾಲಿನ ಖಾತೆಗಳಲ್ಲಿ ಇನ್ನೂ ನಿಂತಿರುವಷ್ಟನ್ನಾದರೂ ಹಿಡಿಯಲು ಅವಕಾಶವಿದೆ. ಸಂಜೆ ಮಗ ಫೋನ್ ಮಾಡಲಿ, ಅವನನ್ನು ಕೇಳಿ ನೋಡೋಣ ಎಂದು ಕೂತರೆ ಆ ಅವಕಾಶವೂ ಹೋಗುತ್ತದೆ.

1930 ಬಿಡುವಿಲ್ಲದೆ ಸಿಗದಿದ್ದರೆ ಕಾಯಬೇಡಿ. cybercrime.gov.in ತಾಣದಲ್ಲಿ ಹಣಕಾಸು ವಂಚನೆ ವಿಭಾಗದಲ್ಲಿ ನೇರವಾಗಿ ದೂರು ತುಂಬಿ. ಫೋನಿನಲ್ಲಿ ದೂರು ಕೊಟ್ಟವರೂ ಅದೇ ದಿನ ಅಲ್ಲಿ ವಿವರ ಪೂರ್ತಿ ಮಾಡಬೇಕು. ಸಿಗುವ ಸ್ವೀಕೃತಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲ ಕಡೆ ಅದನ್ನೇ ಕೇಳುತ್ತಾರೆ.

ಇದಾದ ಕೂಡಲೇ ನಿಮ್ಮ ಬ್ಯಾಂಕಿಗೂ ತಿಳಿಸಿ, ಲಿಖಿತ ದೂರು ಕೊಟ್ಟು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಒಂದು ಮಿತಿಯನ್ನು ಮೊದಲೇ ತಿಳಿದಿರಿ. ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕರಿಗೆ ನಷ್ಟವಿಲ್ಲ ಎಂಬ ರಿಸರ್ವ್ ಬ್ಯಾಂಕಿನ 2017ರ ನಿಯಮ ಇರುವುದು ನಿಮ್ಮ ಒಪ್ಪಿಗೆ ಇಲ್ಲದೆ ನಡೆದ ವ್ಯವಹಾರಕ್ಕೆ. ಇಲ್ಲಿ ನೀವೇ ಪಿನ್ ಹಾಕಿ, ನೀವೇ ಚಲನ್ ತುಂಬಿ ಕಳಿಸಿದ್ದೀರಿ. ಹಾಗಾಗಿ ಬ್ಯಾಂಕ್ ತನ್ನ ಕೈಯಿಂದ ತುಂಬಿಕೊಡುತ್ತದೆ ಎಂದು ನಂಬಿಕೊಂಡು 1930ಕ್ಕೆ ತಡಮಾಡಬೇಡಿ.

ಹಂತ 5: ಸಾಕ್ಷ್ಯ ಕೂಡಿಸಿ

ವಾಟ್ಸ್ಆ್ಯಪ್‌ನಲ್ಲಿ ಆ ಚಾಟ್ ತೆರೆದು, ಮೂರು ಚುಕ್ಕಿ ಒತ್ತಿ, ಮೋರ್ ಒಳಗಿನ ಎಕ್ಸ್‌ಪೋರ್ಟ್ ಚಾಟ್ ಆಯ್ದು ನಿಮ್ಮ ಇಮೇಲಿಗೆ ಕಳಿಸಿಕೊಳ್ಳಿ. ಫೇಸ್‌ಬುಕ್ ಪ್ರೊಫೈಲಿನ ಹೆಸರಿನ ಸ್ಕ್ರೀನ್‌ಶಾಟ್ ಮಾತ್ರ ಸಾಲದು. ಹೆಸರನ್ನು ನಾಳೆಯೇ ಬದಲಿಸಬಹುದು. ಪ್ರೊಫೈಲಿನ ಲಿಂಕ್ ಕಾಪಿ ಮಾಡಿ ಇಟ್ಟುಕೊಳ್ಳಿ, ಪೊಲೀಸರು ಕಂಪನಿಗೆ ಬರೆದು ವಿವರ ಕೇಳುವುದು ಅದರ ಆಧಾರದ ಮೇಲೆ. ಕಾಲ್ ಲಿಸ್ಟ್, ನಕಲಿ ಪತ್ರ, ಪೆಟ್ಟಿಗೆಯ ಫೋಟೊ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಸೇರಿಸಿ. ಇದೆಲ್ಲ ಆದ ಮೇಲೆ ಬ್ಲಾಕ್ ಮಾಡಿ.

ಆಧಾರ್ ಪ್ರತಿ ಕಳಿಸಿದ್ದರೆ ಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಮಾಡಿ. ಅವರ ಮಾತು ಕೇಳಿ, ದೂರದಿಂದಲೇ ನಿಮ್ಮ ಫೋನ್ ನೋಡಲು ಬಿಡುವ ಎನಿಡೆಸ್ಕ್‌ನಂಥ ಆ್ಯಪ್ ಹಾಕಿಕೊಂಡಿದ್ದರೆ ಅದನ್ನು ತೆಗೆದು, ಬೇರೆ ಫೋನಿನಿಂದ ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ.

ಹಂತ 6: ಠಾಣೆ

ಉತ್ತರ ಕನ್ನಡಕ್ಕೆ ಸೈಬರ್ ಅಪರಾಧದ ಸಿಇಎನ್ ಠಾಣೆ ಕಾರವಾರದಲ್ಲಿದೆ. ಸೈಬರ್, ಆರ್ಥಿಕ, ಮಾದಕ ದ್ರವ್ಯ ಈ ಮೂರೂ ಬಗೆಯ ಅಪರಾಧ ನೋಡುವ ಠಾಣೆ ಅದು. ಶಿರಸಿಯಿಂದಲೋ ಜೊಯಿಡಾದಿಂದಲೋ ಅಷ್ಟು ದೂರ ಹೋಗಲಾಗದಿದ್ದರೆ ಹತ್ತಿರದ ಠಾಣೆಯಲ್ಲೇ ದೂರು ಕೊಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಹಾಗಾಗಿ ಚಿಕ್ಕ ಠಾಣೆಯಿಂದ ಕಡತ ಕಾರವಾರಕ್ಕೆ ಹೋದರೆ ಗಾಬರಿ ಬೇಡ, ಅದು ಕ್ರಮವೇ.

ದೂರನ್ನು ಕನ್ನಡದಲ್ಲೇ ಬರೆಯಿರಿ. ಪ್ರೀತಿಯ ವಿವರ ಎರಡು ಸಾಲು ಸಾಕು, ದುಡ್ಡಿನ ವಿವರ ಪೂರ್ತಿ ಬೇಕು. ಹೀಗೆ:

> ದಿನಾಂಕ ……ರಂದು …… ಹೆಸರಿನ ಫೇಸ್‌ಬುಕ್ ಖಾತೆಯಿಂದ (ಲಿಂಕ್ ……) ತಾನು ಲಂಡನ್ನಿನ ವೈದ್ಯನೆಂದು ಪರಿಚಯಿಸಿಕೊಂಡವನು, …… ಸಂಖ್ಯೆಯ ವಾಟ್ಸ್ಆ್ಯಪ್‌ನಿಂದ ನನ್ನ ಸಂಪರ್ಕದಲ್ಲಿದ್ದು, ಉಡುಗೊರೆ ಕಳಿಸಿರುವುದಾಗಿ ನಂಬಿಸಿದನು. ದಿನಾಂಕ ……ರಂದು …… ಸಂಖ್ಯೆಯಿಂದ ಕಸ್ಟಮ್ಸ್ ಅಧಿಕಾರಿ ಎಂದು ಹೇಳಿ ಕರೆ ಮಾಡಿದವರು ಸುಂಕದ ಹೆಸರಿನಲ್ಲಿ ನನ್ನಿಂದ ಈ ಕೆಳಗಿನಂತೆ ಹಣ ಹಾಕಿಸಿಕೊಂಡಿದ್ದಾರೆ: ದಿನಾಂಕ, ಗಂಟೆ, ಮೊತ್ತ, ನನ್ನ ಖಾತೆ, ಹಣ ಹೋದ ಖಾತೆ, ಯುಟಿಆರ್. 1930 ಸ್ವೀಕೃತಿ ಸಂಖ್ಯೆ ……

ಕೊನೆಯ ವಿವರಗಳನ್ನು ಪ್ರತಿ ವರ್ಗಾವಣೆಗೆ ಒಂದೊಂದು ಸಾಲಿನಂತೆ ಬರೆಯಿರಿ. ಪ್ರಕರಣ ದಾಖಲಾದ ಮೇಲೆ ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ, ಅದು ಉಚಿತ. ಬ್ಯಾಂಕಿನಲ್ಲಿ ತಡೆಹಿಡಿದ ಹಣ ತಾನಾಗಿ ನಿಮ್ಮ ಖಾತೆಗೆ ಬಂದುಬಿಡುತ್ತದೆ ಎಂದುಕೊಳ್ಳಬೇಡಿ. ಎಷ್ಟು ತಡೆಯಲಾಗಿದೆ ಎಂದು ತನಿಖಾಧಿಕಾರಿಯಿಂದ ತಿಳಿದು, ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಅದನ್ನು ಬಿಡಿಸಿಕೊಡಲು ಅರ್ಜಿ ಹಾಕಬಹುದು.

ಖಾಸಗಿ ಫೋಟೊ ಇಟ್ಟುಕೊಂಡು ಬೆದರಿಸುತ್ತಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ. ಒಮ್ಮೆ ದುಡ್ಡು ಕೊಟ್ಟರೆ ಬೆದರಿಕೆ ನಿಲ್ಲುವುದಿಲ್ಲ, ಮೊತ್ತ ಏರುತ್ತದೆ. stopncii.org ತಾಣದಲ್ಲಿ ಆ ಫೋಟೊವನ್ನು ಯಾರಿಗೂ ಕಳಿಸದೆ ಅದರ ಗುರುತನ್ನಷ್ಟೇ ನೋಂದಾಯಿಸಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಡೆ ಅದು ಹರಡದಂತೆ ತಡೆಯಲು ನೆರವಾಗುತ್ತದೆ.

ಮನೆಯವರಿಗೆ

"ಅಮ್ಮ ನಂಬುತ್ತಲೇ ಇಲ್ಲ, ಇನ್ನೂ ಅವನ ಜೊತೆ ಮಾತಾಡುತ್ತಿದ್ದಾರೆ" ಎಂದು ಬರೆಯುವ ಮಕ್ಕಳೂ ಇದ್ದಾರೆ. ಅವನ ಪ್ರೀತಿ ಸುಳ್ಳು ಎಂದು ವಾದಿಸಲು ಹೋಗಬೇಡಿ, ಆ ವಾದದಲ್ಲಿ ಗೆದ್ದವರು ಕಡಿಮೆ. ಬದಲಿಗೆ ಅವರ ಪಕ್ಕ ಕೂತು 3ನೇ ಹಂತದ ಮೊದಲ ಪರೀಕ್ಷೆ ಮಾಡಿ. ಮೂರು ಸಲ ದುಡ್ಡು ಹೋದ ಮೂರು ಖಾತೆಗಳ ಹೆಸರನ್ನು ಕಾಗದದ ಮೇಲೆ ಒಂದರ ಕೆಳಗೊಂದು ಬರೆದು, "ಇವರಲ್ಲಿ ಕಸ್ಟಮ್ಸ್ ಯಾರಮ್ಮ?" ಎಂದು ಕೇಳಿ. ಬೈಯಬೇಡಿ. ಬೈಸಿಕೊಳ್ಳುವ ಭಯಕ್ಕೇ ಮುಂದಿನ ಫೋನನ್ನು ಅವರು ನಿಮ್ಮಿಂದ ಮುಚ್ಚಿಡುತ್ತಾರೆ.

ಇನ್ನೆರಡು ಬಲೆಗಳು ಆಮೇಲೆ ಬರುತ್ತವೆ. ಒಂದು, ದುಡ್ಡು ಖಾಲಿಯಾಯಿತು ಎಂದಾಗ ಡಾಕ್ಟರ್ ಹೇಳುತ್ತಾನೆ: ನನ್ನ ಗೆಳೆಯ ನಿಮ್ಮ ಖಾತೆಗೆ ಹಣ ಹಾಕುತ್ತಾನೆ, ಅದನ್ನು ಕಸ್ಟಮ್ಸ್‌ಗೆ ಕಳಿಸಿ. ಆ ಹಣ ಇನ್ನೊಬ್ಬ ಬಲಿಪಶುವಿನದು. ಒಪ್ಪಿದರೆ ನಿಮ್ಮದೇ ಬಾಡಿಗೆ ಖಾತೆಯಾಗುತ್ತದೆ, ಪಿಂಚಣಿ ಬರುವ ಖಾತೆ ಸ್ತಂಭಿಸುತ್ತದೆ, ಬೇರೆ ರಾಜ್ಯದ ಪೊಲೀಸರ ನೋಟಿಸು ಮನೆಗೆ ಬರಬಹುದು. ಇನ್ನೊಂದು, ತಿಂಗಳುಗಳ ನಂತರ ಸೈಬರ್ ಪೊಲೀಸ್ ಎಂದೋ ವಕೀಲ ಎಂದೋ ಫೋನ್ ಬರುತ್ತದೆ: ನಿಮ್ಮ 4,53,500 ಸಿಕ್ಕಿದೆ, ಬಿಡುಗಡೆಗೆ 15,000 ಕಟ್ಟಿ. ಮೊತ್ತ ಸರಿಯಾಗಿಯೇ ಹೇಳುತ್ತಾರೆ, ಯಾಕೆಂದರೆ ಪಟ್ಟಿ ಅವರ ಬಳಿಯೇ ಇದೆ. ಅಂಥ ಫೋನ್ ಬಂದರೆ ನಂಬರ್ ಬರೆದುಕೊಂಡು, ದೂರು ಕೊಟ್ಟ ಠಾಣೆಯ ತನಿಖಾಧಿಕಾರಿಗೆ ಅವತ್ತೇ ತಿಳಿಸಿ. sancharsaathi.gov.in ತಾಣದ ಚಕ್ಷು ವಿಭಾಗದಲ್ಲೂ ಆ ನಂಬರನ್ನು ವರದಿ ಮಾಡಿ.